ವಿಳಾಸ ಹಳೆಯದೇ, ಇಸವಿ ಮಾತ್ರ ಹೊಸದು

ಶರಾವತಿ ಹಿನ್ನೀರಿನ ಆಚೆ ದೇವಸ್ಥಾನವಿರುವ ಸಿಗಂದೂರಿಗೆ ಹೋಗುವುದು ಹೇಗೆ ಅನ್ನುವುದರ ಬಗ್ಗೆ ನಮ್ಮ ಸೈಟಿನಲ್ಲಿ ಒಂದಲ್ಲ, ನಾಲ್ಕು ಲೇಖನಗಳಿದ್ದವು. ಸಾಗರದ ಸುತ್ತಮುತ್ತಲಿನ ಪ್ರವಾಸದ ಮಾಹಿತಿ ಕೊಡುವ ಸೈಟು ಅದು. ಶುರು ಮಾಡಿದ್ದು ನನ್ನ ಭಾವ. ಅವರು ಹೊಸ ವರ್ಷ ಬಂದಾಗ ಹಳೆಯ ಲೇಖನವನ್ನು ಕಾಪಿ ಮಾಡಿ, ಇಸವಿ ಬದಲಿಸಿ, ಹೊಸ ಲೇಖನವಾಗಿ ಹಾಕುತ್ತಿದ್ದರು. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ, ಪ್ರವಾಸದ ಸೈಟುಗಳಲ್ಲಿ ಇದು ಜಾಸ್ತಿ. 2025ರಲ್ಲಿ ಸೈಟಿನ ಜವಾಬ್ದಾರಿ ನನಗೆ ಬಂದಾಗ ಮೊದಲು ಕೈ ಹಾಕಿದ್ದೇ ಈ ನಾಲ್ಕು ಲೇಖನಗಳಿಗೆ. ಅಲ್ಲಿಯವರೆಗೆ ಜನ, ವಾಹನ ಎಲ್ಲ ಹಿನ್ನೀರು ದಾಟುತ್ತಿದ್ದದ್ದು ಲಾಂಚ್ ಅನ್ನುವ ದೊಡ್ಡ ದೋಣಿಯಲ್ಲಿ. ಅದೇ ವರ್ಷ ಜುಲೈನಲ್ಲಿ ಅಲ್ಲಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯೂ ಉದ್ಘಾಟನೆ ಆಯಿತು. ಹಾಗಾಗಿ ಇಸವಿ ಬದಲಿಸುವ ಸಣ್ಣ ಕೆಲಸ ದೊಡ್ಡದೇ ಆಯಿತು. ಅದನ್ನು ಹೇಗೆ ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ವರ್ಷ ಇಸವಿ ಬದಲಿಸಬೇಕಾದ ಲೇಖನ ನಿಮ್ಮಲ್ಲೂ ಇದ್ದರೆ ಉಪಯೋಗಕ್ಕೆ ಬರಬಹುದು.

ಯಾವ ಹುಡುಕಾಟಕ್ಕೆ ನಮ್ಮ ಯಾವ ಪೇಜು ಕಾಣಿಸಿತು ಅಂತ ಗೂಗಲ್ ತೋರಿಸುವುದು ಸರ್ಚ್ ಕನ್ಸೋಲ್‌ನಲ್ಲಿ. ಮೊದಲು ಅದನ್ನು ತೆರೆದು `sigandur launch timings` ಅನ್ನುವ ಹುಡುಕಾಟವನ್ನು ಮಾತ್ರ ಫಿಲ್ಟರ್ ಮಾಡಿದೆ. ಆಮೇಲೆ ಪೇಜುಗಳ ಟ್ಯಾಬಿಗೆ ಹೋದೆ. ನಮ್ಮವರು ಓದುವುದು ಕನ್ನಡದಲ್ಲಾದರೂ ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುವುದು ಜಾಸ್ತಿ, ಅದಕ್ಕೇ ಆ ಪದಗಳು. ಒಂದೇ ಹುಡುಕಾಟಕ್ಕೆ ನಮ್ಮ ನಾಲ್ಕೂ ಪೇಜುಗಳು ಅಲ್ಲಿ ಕಾಣಿಸಿದವು. ಒಂದು ವಾರ 2021ರದ್ದು ಮೇಲೆ, ಇನ್ನೊಂದು ವಾರ 2024ರದ್ದು ಮೇಲೆ. ಯಾವುದೂ ಗಟ್ಟಿಯಾಗಿ ನಿಂತಿರಲಿಲ್ಲ. ನಮ್ಮ ಲೇಖನಗಳೇ ಒಂದಕ್ಕೊಂದು ಅಡ್ಡ ಬರುತ್ತಿದ್ದವು.

ಆಮೇಲೆ ಲಿಂಕ್‌ಗಳ ವರದಿ ನೋಡಿದೆ. ಹೊರಗಿನ ಸೈಟುಗಳು, ಅಂದರೆ ಸಾಗರ, ತಾಳಗುಪ್ಪ ಕಡೆಯ ಹೋಂಸ್ಟೇಗಳು, ಒಂದೆರಡು ಟ್ರಾವೆಲ್ಸ್‌ನವರು ಕೊಟ್ಟ ಲಿಂಕ್‌ಗಳಲ್ಲಿ ಹೆಚ್ಚಿನವು ಎಲ್ಲಕ್ಕಿಂತ ಹಳೆಯ ಲೇಖನಕ್ಕೆ ಇದ್ದವು. ಅದರ ವಿಳಾಸ `/sigandur-launch-timings/`. ಪುಣ್ಯಕ್ಕೆ ಅದರಲ್ಲಿ ಇಸವಿ ಇರಲಿಲ್ಲ. ಉಳಿದ ಮೂರರ ವಿಳಾಸದ ಕೊನೆಗೆ `-2021`, `-2023`, `-2024` ಅಂತ ಇತ್ತು. ಹೊಸ ಮಾಹಿತಿ ಇದ್ದದ್ದು 2024ರ ಪೇಜಿನಲ್ಲಿ, ಲಿಂಕ್‌ಗಳ ಬಲ ಇದ್ದದ್ದು ಹಳೆಯ ಪೇಜಿಗೆ.

ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ಒಂದು ಲೇಖನ ಸಂಪಾದಿಸಿದ ಸ್ಥಾನ ಅದರ ಯುಆರ್‌ಎಲ್‌ಗೆ ಅಂಟಿಕೊಂಡಿರುತ್ತದೆ, ಶೀರ್ಷಿಕೆಗಲ್ಲ. ಲಿಂಕ್ ಕೊಟ್ಟವರು ಕೊಟ್ಟಿದ್ದು ಆ ವಿಳಾಸಕ್ಕೆ. ಶೀರ್ಷಿಕೆಯಲ್ಲಿ ಇಸವಿ ಪ್ರತಿ ವರ್ಷ ಬದಲಾದರೂ ವಿಳಾಸ ಅಲುಗಾಡದಿದ್ದರೆ ಹಳೆಯ ಬಲ ಹಾಗೇ ಉಳಿಯುತ್ತದೆ. ಪ್ರತಿ ವರ್ಷ ಹೊಸ ಲೇಖನ ಹಾಕಿದರೆ ಪ್ರತಿ ವರ್ಷ ಸೊನ್ನೆಯಿಂದ ಶುರು.

ಹಾಗಾಗಿ 2024ರ ಪೇಜಿನ ಒಳ್ಳೆಯ ಭಾಗಗಳನ್ನೆಲ್ಲ ಹಳೆಯ ವಿಳಾಸದ ಲೇಖನಕ್ಕೆ ತಂದು ಸೇರಿಸಿದೆವು. ಮಿಕ್ಕ ಮೂರನ್ನು ಡಿಲೀಟ್ ಮಾಡಿ ಸುಮ್ನೆ ಬಿಡಲಿಲ್ಲ, ಆ ವಿಳಾಸಕ್ಕೆ ಬಂದವರನ್ನು ಕಾಯಂ ಆಗಿ ಬೇರೆ ವಿಳಾಸಕ್ಕೆ ಕಳಿಸುವ 301 ರಿಡೈರೆಕ್ಟ್ ಹಾಕಿದೆವು:

```apache
Redirect 301 /sigandur-launch-timings-2021/ /sigandur-launch-timings/
Redirect 301 /sigandur-launch-timings-2023/ /sigandur-launch-timings/
Redirect 301 /sigandur-launch-timings-2024/ /sigandur-launch-timings/
```

ಮೂರೂ ನೇರವಾಗಿ ಕೊನೆಯ ವಿಳಾಸಕ್ಕೇ ಹೋಗುತ್ತವೆ ಅನ್ನುವುದನ್ನು ಗಮನಿಸಿ. 2021ರದ್ದನ್ನು 2023ಕ್ಕೆ, 2023ರದ್ದನ್ನು 2024ಕ್ಕೆ ಅಂತ ಸರಪಳಿ ಕಟ್ಟಬಾರದು. ಜೋಗದ ಲೇಖನ, ವರದಹಳ್ಳಿಯ ಲೇಖನ, ಇಕ್ಕೇರಿಯ ಲೇಖನದ ಒಳಗಿದ್ದ ಹಳೆಯ ಲಿಂಕ್‌ಗಳನ್ನೂ ಕೈಯಾರೆ ಬದಲಿಸಿದೆವು. ನಮ್ಮ ಮನೆಯೊಳಗಿನ ದಾರಿಗೆ ರಿಡೈರೆಕ್ಟ್ ಯಾಕೆ ಬೇಕು, ಅಲ್ವಾ?

ಇಷ್ಟು ಮಾಡಿ ಶೀರ್ಷಿಕೆ ಮುಟ್ಟದೆ ಕಾದೆವು. ಭಾವನಿಗೆ ಅವಸರ. "ಇದೇ ಕೈಯಲ್ಲಿ ಟೈಟಲ್ಲೂ ಬದಲಿಸಿಬಿಡು ಮಾರಾಯ, ಇನ್ನೆಂತಕ್ಕೆ ಕಾಯೋದು?" ಅಂದರು. "ಬೇಡ ಭಾವ, ಎರಡೂ ಒಟ್ಟಿಗೆ ಮಾಡಿದ್ರೆ ನಾಳೆ ಪೇಜು ಕೆಳಗೆ ಬಿದ್ರೆ ಯಾವುದರಿಂದ ಬಿತ್ತು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ" ಅಂದೆ. ಸರ್ಚ್ ಕನ್ಸೋಲಿನಲ್ಲಿ ಮೂರು ಹಳೆಯ ವಿಳಾಸಗಳು ಒಂದೊಂದಾಗಿ ಮರೆಯಾಗಿ, ಕ್ಲಿಕ್‌ಗಳೆಲ್ಲ ಒಂದೇ ವಿಳಾಸಕ್ಕೆ ಬರತೊಡಗಿದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟೆವು.

ಮುಂದಿನ ಪ್ರಶ್ನೆ, ಶೀರ್ಷಿಕೆಯಲ್ಲಿ ಇಸವಿ ಬೇಕೇ ಬೇಡವೇ? ಇದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ. ಆ ಪೇಜಿನ ಹುಡುಕಾಟಗಳಲ್ಲಿ `2024`, `2025` ಇರುವಂಥವನ್ನು ಫಿಲ್ಟರ್ ಮಾಡಿ ನೋಡಬಹುದು. ಸಿಗಂದೂರಿನ ಪೇಜಿಗೆ ಅಂಥವು ಬೇಕಾದಷ್ಟು ಇದ್ದವು. ಲಾಂಚ್ ಸಮಯ ಬದಲಾಗುತ್ತಿತ್ತು, ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ವಾಹನ ಹತ್ತಿಸುವುದೇ ಕಷ್ಟವಾಗುತ್ತಿತ್ತು. ಹಾಗಾಗಿ ಜನ ಈ ವರ್ಷದ್ದೇ ಮಾಹಿತಿ ಬೇಕು ಅಂತ ಹುಡುಕುತ್ತಿದ್ದರು. ಆದರೆ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ವಿಧಾನದ ಬಗ್ಗೆಯೂ ನಮ್ಮಲ್ಲಿ ಒಂದು ಲೇಖನವಿದೆ. ಅದನ್ನು ಇಸವಿ ಹಾಕಿ ಹುಡುಕಿದವರು ಯಾರೂ ಇಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅನ್ನುವುದು ವರ್ಷಕ್ಕೊಮ್ಮೆ ಬದಲಾಗುವಂಥದ್ದಲ್ಲ. ಅಲ್ಲಿ ಇಸವಿ ಹಾಕಿದರೆ ಪ್ರತಿ ಜನವರಿಯಲ್ಲಿ ಲೇಖನ ಹಳತಾದ ಹಾಗೆ ಕಾಣುತ್ತದೆ, ಅಷ್ಟೇ. ಅದರ ಶೀರ್ಷಿಕೆಯಿಂದ ಇಸವಿಯನ್ನೇ ತೆಗೆದುಬಿಟ್ಟೆವು. ಆಗುಂಬೆಯ ಸೂರ್ಯಾಸ್ತದ ಲೇಖನಕ್ಕೂ ಹಾಗೆಯೇ ಮಾಡಿದೆವು.

ಸಿಗಂದೂರಿನ ಲೇಖನದ ಒಳಗೆ ಇಸವಿ ತಿದ್ದುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಎಲ್ಲ ಕಡೆ 2023 ಇದ್ದದ್ದನ್ನು 2025 ಅಂತ ಒಂದೇ ಸಲ ಬದಲಿಸುವ ಆಸೆ ಯಾರಿಗಾದರೂ ಬರುತ್ತದೆ. ಮಾಡಬೇಡಿ. ನಮ್ಮ ಲೇಖನದಲ್ಲಿ "ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು" ಅನ್ನುವ ವಾಕ್ಯ ಇತ್ತು. ಹಾಗೆ ಬದಲಿಸಿದ್ದರೆ ವಿಮಾನ ನಿಲ್ದಾಣ ಎರಡು ವರ್ಷ ತಡವಾಗಿ ಶುರುವಾಗಿಬಿಡುತ್ತಿತ್ತು. ಒಂದೊಂದು ಇಸವಿಯನ್ನೂ ಕಣ್ಣಿಂದ ನೋಡಿ, ಇದು ನಡೆದುಹೋದ ಘಟನೆಯದೋ ಈಗಿನ ಮಾಹಿತಿಯದೋ ಅಂತ ಕೇಳಿಕೊಂಡೇ ತಿದ್ದಬೇಕು. ಕನ್ನಡ ಲೇಖನಗಳಲ್ಲಿ ಇನ್ನೊಂದು ತೊಡಕಿದೆ. ಭಾವ ಕೆಲವು ಕಡೆ 2023 ಅಂತ ಬರೆದಿದ್ದರು, ಕೆಲವು ಕಡೆ ೨೦೨೩ ಅಂತ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಇಸವಿಗಿಂತ ಮೋಸದ್ದು "ಈ ವರ್ಷ", "ಇತ್ತೀಚೆಗೆ", "ಕಳೆದ ತಿಂಗಳಿಂದ" ಅನ್ನುವ ಮಾತುಗಳು. "ಈ ವರ್ಷ ಮಳೆ ಕಡಿಮೆ, ಲಾಂಚ್‌ಗೆ ತೊಂದರೆ ಇದೆ" ಅಂತ ಯಾವಾಗಲೋ ಬರೆದ ಸಾಲು ಹಾಗೇ ಕುಳಿತಿತ್ತು. ಯಾವ ವರ್ಷ? ಓದುವವನಿಗೆ ಅದು ಇವತ್ತಿನ ವರ್ಷ. ಅಂಥ ಮಾತುಗಳನ್ನೆಲ್ಲ ತೆಗೆದು, ತಿಂಗಳು ಮತ್ತು ಇಸವಿ ಬರೆದೆವು. ಇದರಿಂದ ಮುಂದಿನ ವರ್ಷದ ಕೆಲಸ ಅರ್ಧ ಕಡಿಮೆ ಆಗುತ್ತದೆ.

ಇನ್ನು ದಿನಾಂಕ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮಾಹಿತಿ ಬದಲಾಗದೆ ದಿನಾಂಕ ಮಾತ್ರ ಬದಲಿಸುವುದು ಓದುಗನಿಗೆ ಸುಳ್ಳು ಹೇಳಿದ ಹಾಗೆ. ಗೂಗಲ್ ಕೂಡ ತನ್ನ ಮಾರ್ಗದರ್ಶಿಯಲ್ಲಿ ಇದನ್ನು ನೇರವಾಗಿಯೇ ಕೇಳುತ್ತದೆ: ವಿಷಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲದೆ, ಪೇಜು ತಾಜಾ ಇದ್ದಂತೆ ಕಾಣಲಿ ಅಂತ ದಿನಾಂಕ ಬದಲಿಸುತ್ತಿದ್ದೀರಾ ಅಂತ. ಹುಡುಕಾಟದಲ್ಲಿ ಪೇಜು ಹೇಗೆ ಕಾಣಬೇಕು ಅಂತ ನೋಡಿಕೊಳ್ಳುವ ನಮ್ಮ ಸೈಟಿನ ಎಸ್‌ಇಒ ಪ್ಲಗಿನ್‌ನಲ್ಲಿ ಶೀರ್ಷಿಕೆಯ ಜಾಗದಲ್ಲಿ `%%currentyear%%` ಅಂತ ಹಾಕಿದ್ದರು. ಜನವರಿ ಒಂದನೇ ತಾರೀಕು ಬಂದ ಕೂಡಲೇ ಅದು ತಾನೇ ಇಸವಿ ಬದಲಿಸುತ್ತದೆ. ಒಳಗಿನ ಲಾಂಚ್ ಸಮಯವನ್ನು ಯಾರೂ ನೋಡಿರುವುದಿಲ್ಲ. ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿನಿಂದ ಹೊರಟವನು ಆ ಇಸವಿಯನ್ನು ನಂಬಿ ಬಂದು, ಲಾಂಚ್ ಹತ್ತುವ ಹೊಳೆಬಾಗಿಲಿನಲ್ಲಿ ಬಿಸಿಲಿಗೆ ನಿಲ್ಲಬೇಕಾಗುತ್ತಿತ್ತು. ಅದನ್ನು ತೆಗೆದೆ. ಈಗ ಇಸವಿಯನ್ನು ಕೈಯಲ್ಲೇ ಟೈಪ್ ಮಾಡುತ್ತೇವೆ, ಅದೂ ಮಾಹಿತಿಯನ್ನು ವಿಚಾರಿಸಿ ಖಾತ್ರಿ ಮಾಡಿಕೊಂಡ ಮೇಲೆ.

ನಮ್ಮ ಸೈಟು ನಡೆಯುವ ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಒಂದು ಅಲ್ಪವಿರಾಮ ತಿದ್ದಿ ಸೇವ್ ಮಾಡಿದರೂ ಪರಿಷ್ಕರಣೆಯ ದಿನಾಂಕ ಇವತ್ತಿನದಾಗುತ್ತದೆ. ಥೀಮ್ ಅದನ್ನೇ "ನವೀಕರಿಸಿದ್ದು" ಅಂತ ತೋರಿಸುತ್ತದೆ, ಗೂಗಲ್‌ಗೆ ಕೊಡುವ ಪೇಜುಗಳ ಪಟ್ಟಿ, ಅಂದರೆ ಸೈಟ್‌ಮ್ಯಾಪಿನಲ್ಲಿ ಕೊನೆಯ ಬದಲಾವಣೆಯ ದಿನ ಹೇಳುವ `lastmod` ಕೂಡ ಬದಲಾಗುತ್ತದೆ. ಆ `lastmod` ನಂಬಿಕೆಗೆ ಯೋಗ್ಯ ಅನ್ನಿಸಿದರೆ ಮಾತ್ರ ಗೂಗಲ್ ಅದನ್ನು ಬಳಸುತ್ತದೆ. ಅಲ್ಪವಿರಾಮಕ್ಕೆಲ್ಲ ಅದು ಬದಲಾಗುತ್ತಿದ್ದರೆ, ನಿಜವಾಗಿ ಬದಲಾದ ದಿನ ಅದನ್ನು ನಂಬುವವರು ಯಾರು? ಕೆಲವು ಎಸ್‌ಇಒ ಪ್ಲಗಿನ್‌ಗಳಲ್ಲಿ ಸಣ್ಣ ತಿದ್ದುಪಡಿ ಮಾಡುವಾಗ ಹಳೆಯ ದಿನಾಂಕವನ್ನೇ ಉಳಿಸುವ ಬಟನ್ ಇರುತ್ತದೆ. ಕಾಗುಣಿತ ತಿದ್ದುವಾಗ ಅದನ್ನು ಒತ್ತಿಯೇ ತಿದ್ದುತ್ತೇವೆ.

ಮೊದಲು ಪ್ರಕಟವಾದ ದಿನಾಂಕವನ್ನು ಮಾತ್ರ ಯಾವತ್ತೂ ಮುಟ್ಟುವುದಿಲ್ಲ. ಅದನ್ನು ಇವತ್ತಿಗೆ ತಂದರೆ ಲೇಖನ ಮುಖಪುಟದಲ್ಲಿ ಮೇಲೆ ಬರುತ್ತದೆ ನಿಜ. ಆದರೆ ಪರ್ಮಾಲಿಂಕ್‌ನಲ್ಲಿ, ಅಂದರೆ ಲೇಖನದ ಕಾಯಂ ವಿಳಾಸದಲ್ಲಿ ವರ್ಷ, ತಿಂಗಳು ಇರುವ ಸೈಟಾದರೆ ವಿಳಾಸವೇ ಬದಲಾಗುತ್ತದೆ. ಅಷ್ಟು ಹೊತ್ತು ಕಾಪಾಡಿದ್ದನ್ನು ಒಂದು ಕ್ಲಿಕ್‌ನಲ್ಲಿ ಅಲುಗಾಡಿಸಿದ ಹಾಗೆ. ನಾವು ಲೇಖನದ ತಲೆಯಲ್ಲಿ ಎರಡೂ ದಿನಾಂಕ ತೋರಿಸುತ್ತೇವೆ, ಒಳಗಿನ ಕೋಡ್‌ನಲ್ಲೂ ಅವೇ ಎರಡು ಇರುತ್ತವೆ:

```json
"datePublished": "2019-09-12T09:00:00+05:30",
"dateModified": "2025-07-16T18:30:00+05:30"
```

ಕಣ್ಣಿಗೆ ಕಾಣುವ ದಿನಾಂಕ ಒಂದು, ಕೋಡ್‌ನಲ್ಲಿ ಇನ್ನೊಂದು ಅಂತ ಆಗಬಾರದು. ಪಕ್ಕದ "ಇದನ್ನೂ ಓದಿ" ಬಾಕ್ಸಿನಲ್ಲಿ ಬೇರೆ ಲೇಖನಗಳ ದಿನಾಂಕ ಇದ್ದರೆ ಗೂಗಲ್ ಅದನ್ನು ಎತ್ತಿಕೊಳ್ಳುವ ಸಾಧ್ಯತೆಯೂ ಇದೆ. ಆ ದಿನಾಂಕಗಳನ್ನೂ ತೆಗೆಸಿದೆವು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯ ಜನ ಎಷ್ಟೋ ವರ್ಷದಿಂದ ಕಾಯುತ್ತಿದ್ದ ಸೇತುವೆ ಅದು. ಎರಡು ಕಿಲೋಮೀಟರಿಗೂ ಉದ್ದ. ಲಾಂಚ್ ಸಮಯ ನೋಡಿಕೊಂಡು ಹೊರಡುವ ಕಾಲ ಮುಗಿಯಿತು. ನಮ್ಮ ಲೇಖನದ ಹೆಸರೇ ಲಾಂಚ್ ಸಮಯ! ಸರ್ಚ್ ಕನ್ಸೋಲಿನಲ್ಲಿ `sigandur bridge` ಅನ್ನುವ ಹುಡುಕಾಟ ದಿಢೀರನೆ ಮೇಲೆದ್ದಿತು. ಇಂಥ ಹೊತ್ತಿನಲ್ಲಿ ಬರೀ 2025 ಅಂತ ಹಾಕಿದರೆ ಏನೂ ಪ್ರಯೋಜನವಿಲ್ಲ.

ಭಾವ ಹೊಸ ಲೇಖನ ಹಾಕೋಣ, `/sigandur-bridge/` ಅಂತ ವಿಳಾಸ ಇಡೋಣ ಅಂದರು. ಅವರ ಮಾತಿನಲ್ಲೂ ಅರ್ಥ ಇತ್ತು. ಸೇತುವೆಯನ್ನೇ ನೋಡಲು ಬರುವವರ ಹುಡುಕಾಟ ಬೇರೆ, ದೇವಸ್ಥಾನಕ್ಕೆ ಹೋಗುವವರ ಹುಡುಕಾಟ ಬೇರೆ ಆಗಿದ್ದರೆ ಎರಡು ಲೇಖನ ಸರಿ. ಆದರೆ ಹುಡುಕಾಟಗಳನ್ನು ಒಂದೊಂದಾಗಿ ಓದಿದಾಗ ಹೆಚ್ಚಿನವರು ಕೇಳುತ್ತಿದ್ದದ್ದು ಹಳೆಯ ಪ್ರಶ್ನೆಯನ್ನೇ: ಸಾಗರದಿಂದ ಸಿಗಂದೂರಿಗೆ ಈಗ ಹೇಗೆ ಹೋಗುವುದು, ಕಾರು ಹೋಗುತ್ತಾ, ಲಾಂಚ್ ಬೇಕಾ? ಪ್ರಶ್ನೆ ಹಳೆಯದು, ಉತ್ತರ ಮಾತ್ರ ಹೊಸದು. ಹಾಗಾಗಿ ಹಳೆಯ ಪೇಜಿನಲ್ಲೇ ಉತ್ತರ ಬದಲಿಸಿದೆವು. ವಿಳಾಸದಲ್ಲಿ `launch` ಅಂತ ಉಳಿಯಿತು, ಉಳಿಯಲಿ. ವಿಳಾಸದೊಳಗಿನ ಪದಕ್ಕೆ ಗೂಗಲ್ ಕೊಡುವ ತೂಕ ತೀರಾ ಕಡಿಮೆ, ಓದುಗ ಅದನ್ನು ನೋಡುವುದೂ ಇಲ್ಲ.

ಶೀರ್ಷಿಕೆ ಮೊದಲು "ಸಿಗಂದೂರು ಲಾಂಚ್ ಸಮಯ, ದಾರಿ, ದೇವಸ್ಥಾನದ ಮಾಹಿತಿ" ಅಂತಿದ್ದು, ಕೊನೆಯಲ್ಲಿ ಇಸವಿ ಇತ್ತು. ಅದನ್ನು "ಸಿಗಂದೂರಿಗೆ ಹೋಗುವ ದಾರಿ 2025: ಸೇತುವೆ, ಲಾಂಚ್, ದೇವಸ್ಥಾನದ ಸಮಯ" ಅಂತ ಮಾಡಿದೆವು. ಇಸವಿಯನ್ನು ಬೇಕೆಂತಲೇ ಮುಂದಕ್ಕೆ ತಂದೆವು. ಮೊಬೈಲ್‌ನಲ್ಲಿ ಉದ್ದದ ಶೀರ್ಷಿಕೆ ಕತ್ತರಿಸಿ ಹೋಗುತ್ತದೆ, ಕನ್ನಡ ಅಕ್ಷರಗಳಿಗೆ ಜಾಗವೂ ಜಾಸ್ತಿ ಬೇಕು. ಕೊನೆಯಲ್ಲಿದ್ದ ಇಸವಿ ಯಾರಿಗೂ ಕಾಣುತ್ತಿರಲಿಲ್ಲ. "ಲಾಂಚ್" ಅನ್ನುವ ಪದವನ್ನು ಮಾತ್ರ ಬಿಡಲಿಲ್ಲ. ಸೇತುವೆ ಆಗಿದ್ದು ಗೊತ್ತಿಲ್ಲದವರು ಇನ್ನೂ ಲಾಂಚ್ ಅಂತಲೇ ಹುಡುಕುತ್ತಾರೆ, ಅವರಿಗೂ ಉತ್ತರ ಸಿಗಬೇಕು.

ಲೇಖನದ ಮೊದಲ ಎರಡು ಸಾಲಿನಲ್ಲೇ ಸೇತುವೆ ಆಗಿದೆ, ಲಾಂಚ್‌ಗೆ ಕಾಯಬೇಕಾಗಿಲ್ಲ ಅಂತ ಬರೆದೆವು. ಹಳೆಯ ಭಾಗಗಳನ್ನು ಅಳಿಸುವ ಮುಂಚೆ ಯಾವ ಭಾಗಕ್ಕೆ ಯಾವ ಹುಡುಕಾಟ ಬರುತ್ತಿದೆ ಅಂತ ನೋಡಿದೆವು. ಲಾಂಚ್‌ನ ಚರಿತ್ರೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ ಊರುಗಳು ಮುಳುಗಿದ್ದು, ಆಮೇಲೆ ಲಾಂಚೇ ದಾರಿಯಾದದ್ದು, ಈ ಭಾಗವನ್ನು ಹುಡುಕಿ ಬರುವವರು ಇದ್ದರು. ಅದನ್ನು ಕೆಳಗೆ ಸರಿಸಿದೆವು. ಟಿಕೆಟ್ ದರದ ಹಳೆಯ ಪಟ್ಟಿಯನ್ನು ಮಾತ್ರ ತೆಗೆದೆವು, ಅದು ಇದ್ದರೆ ದಾರಿ ತಪ್ಪಿಸುತ್ತದೆ.

ಶೀರ್ಷಿಕೆ ಒಂದೇ ಕಡೆ ಇರುವುದಿಲ್ಲ ಅನ್ನುವುದನ್ನು ಹೇಳಲೇಬೇಕು. ಬ್ರೌಸರ್ ಟ್ಯಾಬಿನಲ್ಲಿ ಕಾಣುವ `<title>` ಒಂದು. ಪೇಜಿನ ಮೇಲೆ ದೊಡ್ಡದಾಗಿ ಕಾಣುವ `<h1>` ಇನ್ನೊಂದು. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದಾಗ ಬರುವ `og:title` ಮತ್ತೊಂದು. ಮೊದಲೆರಡರಲ್ಲಿ ಬೇರೆ ಬೇರೆ ಇಸವಿ ಇದ್ದರೆ ಗೂಗಲ್ ತನಗೆ ಸರಿ ಅನ್ನಿಸಿದ್ದನ್ನು ತೋರಿಸಬಹುದು. ಹಳೆಯ ಇಸವಿಯಲ್ಲೇ ಉಳಿದ `<title>` ಬಿಟ್ಟು ಪೇಜಿನ ಮೇಲಿನ ಹೊಸದನ್ನು ಎತ್ತಿಕೊಳ್ಳುವುದಿದೆ ಅಂತ ಅದೇ ಹೇಳುತ್ತದೆ. ನಮ್ಮಲ್ಲಿ ಉಳಿದುಹೋಗಿದ್ದು ವಾಟ್ಸಾಪ್‌ನದ್ದು. ಅತ್ತಿಗೆ ಮನೆಯವರ ಗುಂಪಿಗೆ ಲಿಂಕ್ ಕಳಿಸಿದಾಗ 2024 ಅಂತಲೇ ಬಂತು. ಪ್ಲಗಿನ್‌ನಲ್ಲಿ ಅದಕ್ಕೆ ಬೇರೆಯೇ ಜಾಗ ಇದೆ. ಚಿತ್ರದ ಮೇಲೂ ಇಸವಿ ಬರೆಸಿದ್ದರು, ಆ ಚಿತ್ರವನ್ನೂ ಬದಲಿಸಿ ಇಸವಿ ಇಲ್ಲದ್ದನ್ನು ಹಾಕಿದೆವು.

ಎಲ್ಲ ಮುಗಿದ ಮೇಲೆ ಸರ್ಚ್ ಕನ್ಸೋಲಿನ ಯುಆರ್‌ಎಲ್ ಪರೀಕ್ಷೆಯಲ್ಲಿ ವಿಳಾಸ ಹಾಕಿ, ಮತ್ತೆ ಇಂಡೆಕ್ಸ್ ಮಾಡಿ ಅಂತ ಕೋರಿಕೆ ಕೊಟ್ಟೆವು. ಒಂದು ಸಲ ಸಾಕು, ದಿನಾ ಒತ್ತಿದರೆ ಬೇಗ ಆಗುವುದಿಲ್ಲ. ಗೂಗಲ್‌ನಲ್ಲಿ ಕೆಲವು ದಿನ ಹಳೆಯ ಶೀರ್ಷಿಕೆಯೇ ಕಾಣುತ್ತಿತ್ತು, ಸ್ಥಾನವೂ ಸ್ವಲ್ಪ ಮೇಲೆ ಕೆಳಗೆ ಆಯಿತು. ಆಗ ಗಾಬರಿಯಾಗಿ ಹಳೆಯ ಶೀರ್ಷಿಕೆಗೆ ವಾಪಸ್ ಹೋಗಬಾರದು. ನಾನು ನೋಡಿದ್ದು ಎರಡು ವಿಷಯ. ಆ ಪೇಜು ಮಾತ್ರ ಇಳಿದಿದೆಯಾ, ಅಥವಾ ನಾವು ಶೀರ್ಷಿಕೆ ಮುಟ್ಟದ ಜೋಗದ ಪೇಜೂ ಇಳಿದಿದೆಯಾ? ಎರಡೂ ಇಳಿದರೆ ಕಾರಣ ಶೀರ್ಷಿಕೆಯಲ್ಲ. ಎರಡನೆಯದು, ಜನರಿಗೆ ಕಾಣಿಸುವ ಸಂಖ್ಯೆ ಹಾಗೇ ಇದ್ದು ಕ್ಲಿಕ್ ಮಾತ್ರ ಕಡಿಮೆಯಾಗಿದೆಯಾ? ಹಾಗಿದ್ದರೆ, ಸ್ಥಾನ ಹೋಗಿಲ್ಲ, ಹೊಸ ಶೀರ್ಷಿಕೆ ಜನರಿಗೆ ಹಿಡಿಸಿಲ್ಲ ಅಂತ ಅರ್ಥ. ನಮ್ಮ ಪೇಜಿನ ವಿಷಯದಲ್ಲಿ ಎರಡೂ ಆಗಿರಲಿಲ್ಲ. ಅಲುಗಾಟ ನಿಂತ ಮೇಲೆ ಸೇತುವೆಯ ಹುಡುಕಾಟಗಳಿಗೂ ಅದೇ ಪೇಜು ಮೇಲೆ ಬಂದಿತ್ತು.

ಮಲೆನಾಡಿನ ಸೈಟುಗಳನ್ನು ಅಳೆಯುವಾಗ ಹಿಂದಿನ ತಿಂಗಳ ಜೊತೆ ಹೋಲಿಸಬಾರದು, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಬೇಕು. ಜೋಗದ ಹುಡುಕಾಟ ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಸಿಗಂದೂರಿಗಂತೂ ಮಕರ ಸಂಕ್ರಾಂತಿಯ ಜಾತ್ರೆ ಇದೆ. ಜನವರಿ ಒಂದಕ್ಕೆ ಇಸವಿ ಬದಲಿಸಿ, ಹದಿನೈದಕ್ಕೆ ಕ್ಲಿಕ್ ಏರಿದ್ದು ನೋಡಿ ಇಸವಿಯಿಂದಲೇ ಏರಿತು ಅಂದುಕೊಳ್ಳುವವರಿದ್ದಾರೆ. ಏರಿಸಿದ್ದು ಜಾತ್ರೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಪ್ರತಿ ವರ್ಷದ್ದನ್ನು ಒಂದು ಶೀಟಿಗೆ ಇಳಿಸಿಟ್ಟುಕೊಳ್ಳುತ್ತೇವೆ.

2026ಕ್ಕೆ ಬದಲಿಸುವ ಕೆಲಸವನ್ನು ಡಿಸೆಂಬರ್‌ನಲ್ಲೇ ಶುರು ಮಾಡಿದೆವು. ದೇವಸ್ಥಾನದ ಸಮಯ, ಜಾತ್ರೆಯ ದಿನಗಳು, ಸಾಗರದಿಂದ ಬಸ್ಸು, ಮೂರನ್ನೂ ವಿಚಾರಿಸಿ ಲೇಖನದಲ್ಲಿ ತಿದ್ದಿದ ಮೇಲೆಯೇ ಮೂರೂ ಶೀರ್ಷಿಕೆಗಳಲ್ಲಿ 2026 ಅಂತ ಹಾಕಿದ್ದು. ಲೇಖನದ ಕೊನೆಗೆ "ಈ ಸಲ ಬದಲಾದದ್ದು" ಅಂತ ಎರಡು ಸಾಲು ಬರೆಯುತ್ತೇವೆ. ಬರೆಯಲು ಏನೂ ಇಲ್ಲದ ಲೇಖನಕ್ಕೆ ದಿನಾಂಕವನ್ನೂ ಬದಲಿಸುವುದಿಲ್ಲ. ಆ ಮೂರು ರಿಡೈರೆಕ್ಟ್‌ಗಳು ಇನ್ನೂ ಇವೆ. ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ಹೋಂಸ್ಟೇಯವರ ಸೈಟುಗಳಲ್ಲಿ ಹಳೆಯ ಲಿಂಕ್‌ಗಳು ಇರುವ ತನಕ ನಾವು ಅವನ್ನು ತೆಗೆಯುವುದಿಲ್ಲ.